ಲಿಂಕ್ ಒತ್ತುತ್ತಾರೆ, ದೇಣಿಗೆ ತಲುಪುವುದಿಲ್ಲ: ಟ್ರಸ್ಟ್‌ನ ಅಭಿಯಾನದ ಪ್ರಗತಿ ವರದಿ

ಪುಟ ತೆರೆಯುವುದು, ಪೋಸ್ಟರ್ ಮಾಡುವುದು, ಪೋಸ್ಟ್‌ಗಳ ವೇಳಾಪಟ್ಟಿ ಹಾಕುವುದು ಎಲ್ಲರಿಗೂ ಗೊತ್ತಿರುವ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ನಮ್ಮನ್ನು ಬಹಳ ಕಾಲ ಕಾಡಿದ ಒಂದೇ ತೊಂದರೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇನ್‌ಸ್ಟಾಗ್ರಾಮ್‌ನಿಂದ ನಮ್ಮ ದೇಣಿಗೆ ಪುಟಕ್ಕೆ ಬರುವವರಿಗೆ ಕೊರತೆ ಇರಲಿಲ್ಲ. ಆದರೆ ಪಾವತಿಯ ಹಂತದಲ್ಲಿ ಅವರಲ್ಲಿ ಹೆಚ್ಚಿನವರು ಕಾಣೆಯಾಗುತ್ತಿದ್ದರು. ಜನರಿಗೆ ಕೊಡುವ ಮನಸ್ಸಿಲ್ಲ ಎಂದು ನಮ್ಮ ಟ್ರಸ್ಟಿಯೊಬ್ಬರು ತೀರ್ಪು ಕೊಟ್ಟೂಬಿಟ್ಟಿದ್ದರು.

ಆ ತೀರ್ಪನ್ನು ಪರೀಕ್ಷಿಸಲು ಒಂದೇ ದೇಣಿಗೆ ಲಿಂಕ್‌ನ ಕೊನೆಗೆ ಒಂದೊಂದು ಜಾಗಕ್ಕೂ ಬೇರೆ ಗುರುತು ಸೇರಿಸಿದೆವು: ಇನ್‌ಸ್ಟಾಗ್ರಾಮ್‌ಗೆ `utm_source=instagram`, ವಾಟ್ಸ್ಆ್ಯಪ್‌ಗೆ `utm_source=whatsapp`. ಮನವಿಯ ಮಾತು, ಚಿತ್ರ, ಹಾಕಿದ ಹೊತ್ತು ಯಾವುದನ್ನೂ ಬದಲಿಸಲಿಲ್ಲ. ವಾಟ್ಸ್ಆ್ಯಪ್‌ನಿಂದ ಬಂದವರು ಪಾವತಿಯನ್ನು ಮುಗಿಸಿ ರಸೀದಿ ಪಡೆದರೆ, ಇನ್‌ಸ್ಟಾಗ್ರಾಮ್‌ನಿಂದ ಬಂದವರು ಮೊತ್ತವನ್ನೂ ತುಂಬಿ, ಅದಾದ ಮೇಲೆ ನಿಂತುಹೋಗುತ್ತಿದ್ದರು. ಮೊತ್ತ ತುಂಬಿದವರಿಗೆ ಮನಸ್ಸಿಲ್ಲ ಎನ್ನುವುದು ಹೇಗೆ?

ಕಾರಣ ಬ್ರೌಸರ್‌ನಲ್ಲಿತ್ತು. ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್ ಆ್ಯಪ್‌ಗಳು ಲಿಂಕನ್ನು ಫೋನಿನ ನಿಜವಾದ ಬ್ರೌಸರ್‌ಗೆ ಕಳುಹಿಸದೆ ತಮ್ಮೊಳಗಿನ ಕಿರು ಬ್ರೌಸರ್‌ನಲ್ಲೇ ತೆರೆಯುತ್ತವೆ. ದಾನಿ ತನ್ನ ಬ್ರೌಸರ್‌ನಲ್ಲಿ ಉಳಿಸಿಟ್ಟ ಕಾರ್ಡ್ ವಿವರ, ಪಾಸ್‌ವರ್ಡ್‌ಗಳು ಅಲ್ಲಿ ಸಿಗುವುದಿಲ್ಲ. ಪಾವತಿ ಆ್ಯಪ್ ತೆರೆಯಬೇಕಾದ ಬಟನ್ ಎಷ್ಟೋ ಸಲ ಏನೂ ಮಾಡದೆ ಸುಮ್ಮನಿರುತ್ತದೆ. ಒಟಿಪಿ ನೋಡಲು ಸಂದೇಶಗಳಿಗೆ ಹೋಗಿ ಮರಳುವಷ್ಟರಲ್ಲಿ ಪುಟ ಮೊದಲಿನಿಂದ ಲೋಡ್ ಆಗಿರುವುದೂ ಉಂಟು. ದೊಡ್ಡ ಮೊತ್ತ ಕೊಡಲು ಬಂದವರು ಎರಡನೆಯ ಸಲ ಯತ್ನಿಸಿಯಾರು, ಆದರೆ ಸಣ್ಣ ದೇಣಿಗೆ ಆ ಕ್ಷಣದ ಉತ್ಸಾಹದಿಂದ ಬರುವಂಥದ್ದು. ಪುಟದ ಮೇಲ್ತುದಿಯಲ್ಲಿ ಬ್ರೌಸರ್‌ನ ಮಾಮೂಲು ಅಡ್ರೆಸ್ ಬಾರ್‌ನ ಬದಲು ಆ್ಯಪ್‌ನದೇ ಮುಚ್ಚುವ ಗುರುತು ಕಂಡರೆ ನೀವು ಈ ಬಲೆಯೊಳಗಿದ್ದೀರಿ ಎಂದರ್ಥ. ಹೊರಗಿನ ಬ್ರೌಸರ್‌ನಲ್ಲಿ ತೆರೆಯುವ ಆಯ್ಕೆ ಮೂಲೆಯ ಮೆನುವಿನಲ್ಲಿದೆ ನಿಜ, ಆದರೆ ಅದನ್ನು ಹುಡುಕುವಷ್ಟು ತಾಳ್ಮೆಯ ದಾನಿ ಸಿಕ್ಕರೆ ಅವರನ್ನು ನೇರವಾಗಿ ಸ್ವಯಂಸೇವಕರ ಪಟ್ಟಿಗೆ ಸೇರಿಸಿಕೊಳ್ಳುವುದೇ ಲೇಸು.

ಪಾವತಿ ಸೇವೆಯ ಕಂಪನಿಗೆ ಇದನ್ನೆಲ್ಲ ವಿವರವಾಗಿ ಬರೆದೆವು. ದಾನಿಗಳು ತಮ್ಮ ಫೋನಿನ ಕ್ಯಾಶ್ ಅಳಿಸಲಿ ಎಂಬ ಉತ್ತರ ಬಂತು. ಪೋಸ್ಟರ್ ಮಾಡುವವರ ಪರಿಹಾರ ಇನ್ನೂ ಸೊಗಸಾಗಿತ್ತು: ಚಿತ್ರದಲ್ಲೇ ದೊಡ್ಡದೊಂದು ಕ್ಯೂಆರ್ ಕೋಡ್ ಹಾಕಿಕೊಟ್ಟರು. ಪೋಸ್ಟರ್ ನೋಡುತ್ತಿರುವ ಫೋನಿನ ಕ್ಯಾಮೆರಾದಿಂದಲೇ ಅದರ ಪರದೆಯನ್ನು ಸ್ಕ್ಯಾನ್ ಮಾಡುವ ವಿದ್ಯೆಯನ್ನು ಮಾತ್ರ ಅವರು ಕಲಿಸಲಿಲ್ಲ.

ಕೊನೆಗೆ ಫಲಿಸಿದ್ದು ಒಂದು ಸುತ್ತುದಾರಿ. ಇನ್‌ಸ್ಟಾಗ್ರಾಮ್ ಸ್ಟೋರಿಯ ಲಿಂಕ್ ಸ್ಟಿಕ್ಕರ್‌ನಲ್ಲಿ ಪಾವತಿ ಪುಟದ ಬದಲು ಟ್ರಸ್ಟ್‌ನ ವಾಟ್ಸ್ಆ್ಯಪ್ ಬಿಸಿನೆಸ್ ಸಂಖ್ಯೆಯ ಲಿಂಕನ್ನು ಇಟ್ಟೆವು. ಕೆಳಗಿನ ನಮೂನೆಯಲ್ಲಿ `NUMBER` ಇರುವಲ್ಲಿ ದೇಶದ ಕೋಡ್ ಸಹಿತ ಸಂಖ್ಯೆಯನ್ನು ಬರೆಯಬೇಕು. ಕೂಡಿಸುವ ಚಿಹ್ನೆಯಾಗಲಿ ಮೊದಲಿನ ಸೊನ್ನೆಯಾಗಲಿ ಬೇಡ.

```
https://wa.me/NUMBER?text=1
https://wa.me/NUMBER?text=2
```

ಮೊದಲನೆಯದು ದೇಣಿಗೆಗೆ, ಎರಡನೆಯದು ಸ್ವಯಂಸೇವೆಗೆ. ಲಿಂಕ್ ಒತ್ತಿದರೆ ನಮ್ಮ ಸಂಖ್ಯೆಯ ಚಾಟ್ ತೆರೆದು, ಆ ಅಂಕಿ ಸಂದೇಶದ ಜಾಗದಲ್ಲಿ ಮೊದಲೇ ಬರೆದಿರುತ್ತದೆ. ಅಂಕಿಯ ಬದಲು ಕನ್ನಡ ವಾಕ್ಯವನ್ನೇ ಇಡಬಹುದು, ಆದರೆ ಲಿಂಕ್‌ನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಚಿಹ್ನೆಯೂ ಶೇಕಡಾ ಗುರುತುಗಳೊಂದಿಗೆ 9 ಅಕ್ಷರಗಳಷ್ಟು ಹಿಗ್ಗುತ್ತದೆ. ಬಂದವರು ಕಳುಹಿಸುವ ಬಟನ್ ಒತ್ತಿದೊಡನೆ ಆ್ಯಪ್ ತಾನಾಗಿಯೇ ಕಳುಹಿಸುವ ಸ್ವಾಗತ ಸಂದೇಶದಲ್ಲಿ ದೇಣಿಗೆ ಲಿಂಕ್ ಹೋಗುತ್ತದೆ, ಮತ್ತು ವಾಟ್ಸ್ಆ್ಯಪ್‌ನಿಂದ ಒತ್ತಿದ ಲಿಂಕ್ ಫೋನಿನ ನಿಜವಾದ ಬ್ರೌಸರ್‌ನಲ್ಲೇ ತೆರೆಯುತ್ತದೆ. ಒಂದು ಹೆಜ್ಜೆ ಹೆಚ್ಚಾದರೂ ಪಾವತಿಯನ್ನು ಪೂರ್ಣಗೊಳಿಸುವವರ ಸಂಖ್ಯೆ ಏರಿತು.

ಇದಕ್ಕೂ ಒಂದು ಮಿತಿ ಇದೆ. ಸ್ವಾಗತ ಸಂದೇಶ ಹೋಗುವುದು ಮೊದಲ ಸಲ ಬರೆದವರಿಗೆ, ಇಲ್ಲವೆ 14 ದಿನ ಮಾತುಕತೆ ಇಲ್ಲದೆ ಮತ್ತೆ ಬಂದವರಿಗೆ ಮಾತ್ರ. ನಡುವೆ ಬಂದವರಿಗೆ ಮನುಷ್ಯರೇ ಉತ್ತರಿಸಬೇಕು. ಹೀಗೆ ಸ್ವಯಂಸೇವಕರಿಗೆ ಖಚಿತವಾದ ಒಂದು ಕೆಲಸವೇ ಹುಟ್ಟಿಕೊಂಡಿತು. ಒಂದು ಫೋನಿನ ಜೊತೆಗೆ 4 ಸಾಧನಗಳನ್ನು ಜೋಡಿಸಬಹುದಾದ್ದರಿಂದ ಅವರು ತಮ್ಮ ಮನೆಯಿಂದಲೇ, ಸಿದ್ಧ ಉತ್ತರಗಳನ್ನು ಬಳಸಿ, ಸರದಿಯಂತೆ ಇನ್‌ಬಾಕ್ಸ್ ನೋಡಿಕೊಳ್ಳುತ್ತಾರೆ. ‘ನಮ್ಮೊಂದಿಗೆ ಕೈಜೋಡಿಸಿ’ ಎಂಬ ಕರೆಗೆ ಬರುತ್ತಿದ್ದುದು ಹೃದಯದ ಚಿಹ್ನೆಗಳು ಮಾತ್ರ. ‘ವಾರಕ್ಕೊಂದು ಸಂಜೆ, ಒಂದು ಗಂಟೆ, ಸಂದೇಶಗಳಿಗೆ ಉತ್ತರಿಸುವ ಕೆಲಸ’ ಎಂದು ಬರೆದಾಗ 2 ಎಂಬ ಸಂದೇಶಗಳು ಬರತೊಡಗಿದವು.

ಮುಂದಿನ ಯೋಜನೆ ಈಗಲೇ ತಲೆಯಲ್ಲಿ ಓಡುತ್ತಿದೆ: ಹಣ ಎಲ್ಲಿ ಖರ್ಚಾಯಿತು ಎಂಬುದನ್ನು ಬಿಲ್‌ನ ಚಿತ್ರದೊಂದಿಗೆ ಪ್ರತಿ ತಿಂಗಳೂ, ಒಪ್ಪಿದ ದಾನಿಗಳಿಗೆ, ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳುಹಿಸುವುದು. ಒಂದು ಪಟ್ಟಿಗೆ 256 ಜನರ ಮಿತಿಯಿದೆ, ಅದನ್ನು ಹಲವು ಪಟ್ಟಿಗಳಿಂದ ದಾಟಬಹುದು. ನಿಜವಾದ ಅಡ್ಡಿಯೆಂದರೆ, ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಆದ್ದರಿಂದ ಈ ವಾರದಿಂದ ರಸೀದಿಯ ಮೊದಲ ಸಾಲಿನಲ್ಲೇ ಸಂಖ್ಯೆಯನ್ನು ಉಳಿಸಿಕೊಳ್ಳುವಂತೆ ಕೋರುತ್ತಿದ್ದೇವೆ.