ಟ್ರೇಯಲ್ಲಿ ಸುರುಳಿಯಾಗಿ ಬಿದ್ದಿದ್ದ ಲಾಂಗ್ ಲೀಡ್ ಟೂ

ನಮ್ಮ ಕ್ಯಾಜುವಾಲ್ಟಿಯಲ್ಲಿ ಇಸಿಜಿ ರೋಲ್‌ಗೂ ಲೆಕ್ಕ. ಹನ್ನೆರಡು ಲೀಡ್ ಸಾಕು, ಲೀಡ್ ಟೂನ ಉದ್ದದ ಪಟ್ಟಿ ಎಳೀಬೇಡಿ ಅಂತ ಸ್ಟೋರ್‌ನವರು ಮೆಷಿನ್ ಮೇಲೆ ಚೀಟಿ ಅಂಟಿಸಿದ್ದರು. ಅದನ್ನು ನೋಡಿದರೆ ಈಗಲೂ ಸಿಟ್ಟು ಬರುತ್ತದೆ. ಆದರೆ ಆ ರಾತ್ರಿ ಎಡವಿದ್ದು ಚೀಟಿಯಿಂದಲ್ಲ, ನನ್ನಿಂದ.

ಕಲಬುರಗಿಯ ಮೇ ತಿಂಗಳ ಸೆಕೆ. ರಾತ್ರಿ ಎರಡು ಗಂಟೆಗೆ ಚಿತ್ತಾಪುರ ಕಡೆಯ ರೈತರೊಬ್ಬರು ಮಗನ ಬೈಕ್ ಹಿಂದೆ ಕೂತು ಬಂದರು. ವಯಸ್ಸು 58. "ಎದಿ ಢವಢವ ಬಡ್ಕೊಳ್ಳಕತ್ತದ್ರಿ ಸಾಹೇಬ್ರ, ಬ್ಯಾರೆ ಏನಿಲ್ರಿ" ಅಂದರು. ಬಿಪಿ 112/70. ಮಾನಿಟರ್‌ನಲ್ಲಿ ರೇಟ್ 160, ಪ್ರತಿ ಬಡಿತದ ದೊಡ್ಡ ಅಲೆಯಾದ ಕ್ಯೂಆರ್‌ಎಸ್ ಕಾಂಪ್ಲೆಕ್ಸ್ ಅಗಲ, ಬಡಿತ ಒಂದೇ ಸಮ. ಎದೆಯ ಮೇಲಿನ ಲೀಡ್ ವಿ1ರಲ್ಲಿ ಕ್ಯೂಆರ್‌ಎಸ್ ಮೇಲೆದ್ದಿತ್ತು. ಇದು ಹೃದಯದ ಮೇಲಿನ ಕಡೆಯಿಂದ ಹುಟ್ಟುವ ವೇಗದ ಬಡಿತ ಎಸ್‌ವಿಟಿ, ಬಲಗಡೆಯ ಕರೆಂಟ್ ದಾರಿ ಕಟ್ಟಿದ ರೈಟ್ ಬಂಡಲ್ ಬ್ಲಾಕ್‌ನಿಂದ ಅಗಲ ಆಗಿದೆ ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಕೆಳಗಿನ ಕೋಣೆಯಿಂದಲೇ ಹುಟ್ಟುವ ವಿಟಿ ಆಗಿದ್ದರೆ ಬೈಕ್ ಮೇಲೆ ಕೂತು ಬರೋಕೆ ಆಗುತ್ತಿತ್ತಾ? ಇದೇ ನನ್ನ ತರ್ಕ.

"ಎರಡು ವರ್ಷದ ಹಿಂದ ಅಟ್ಯಾಕ್ ಆಗಿತ್ರಿ, ಸ್ಟೆಂಟ್ ಹಾಕ್ಯಾರ್ರಿ" ಅಂತ ಮಗ ಹೇಳಿದ. ಕೇಳಿಸಿಕೊಂಡೆ, ಕೇಸ್ ಶೀಟಲ್ಲಿ ಬರೆದೆ, ಅಷ್ಟೇ. ಹಳೇ ಅಟ್ಯಾಕ್ ಆದವರಲ್ಲಿ ಅಗಲ ಕಾಂಪ್ಲೆಕ್ಸ್ ವೇಗದ ಬಡಿತ ಬಂದರೆ ಅದು ಬಹುತೇಕ ವಿಟಿಯೇ. ಗಾಯ ಒಣಗಿದ ಜಾಗದ ಸುತ್ತ ಕರೆಂಟ್ ಸುತ್ತು ಹೊಡೆಯುತ್ತದೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಬಿಪಿ ನೋಡಿ ಸಮಾಧಾನ ಆಗಿಬಿಟ್ಟಿತ್ತು.

ಎಸ್‌ವಿಟಿ ನಿಲ್ಲಿಸಲು ಮೊದಲು ಕೊಡುವ ಅಡೆನೋಸಿನ್ ಸ್ಟಾಕ್ ಇರಲಿಲ್ಲ. ಇಂಡೆಂಟ್ ಹಾಕಿ ಮೂರು ವಾರ ಆಗಿತ್ತು. ಅದರ ಬದಲು ವೆರಪಾಮಿಲ್ 5 ಮಿಲಿಗ್ರಾಂ ಎರಡು ನಿಮಿಷದಲ್ಲಿ ನಿಧಾನವಾಗಿ ಕೊಡಿಸಿದೆ. ರೇಟ್ ಅಲುಗಲಿಲ್ಲ. ಕಫ್ ಇನ್ನೊಂದು ಸಲ ಉಬ್ಬಿ ಇಳಿಯಿತು, ಮೇಲಿನ ಬಿಪಿ 64. ಅಷ್ಟೊತ್ತಿಗೆ ಅವರ ಮಾತು ನಿಂತಿತ್ತು, ಹಣೆ ತಣ್ಣಗಾಗಿತ್ತು. ಮಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಮಾನಿಟರ್ ನೋಡುತ್ತಿದ್ದೆ, ಅವನ ಕಡೆ ತಿರುಗುವ ಧೈರ್ಯ ಬರಲಿಲ್ಲ. ಡಿಫಿಬ್ ಚಾರ್ಜ್ ಆಗುವ ಸದ್ದು ಅಷ್ಟು ಉದ್ದ ಇರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. "ಸರ್, ಸಿಂಕ್" ಅಂತ ಸಿಸ್ಟರ್ ನೆನಪಿಸಿದರು. ಶಾಕ್ ಬಡಿತದ ಜೊತೆಗೇ ಬೀಳುವಂತೆ ಸಿಂಕ್ ಒತ್ತಿ 100 ಜೌಲ್ಸ್ ಕೊಟ್ಟೆವು. ಸಹಜ ಸೈನಸ್ ಲಯ ಬಂತು. ಬಿಪಿ ಮೇಲೇರಲು ಇನ್ನೂ ಹತ್ತು ನಿಮಿಷ ಹಿಡಿಯಿತು.

ಬೆಳಿಗ್ಗೆ ಕಾರ್ಡಿಯಾಲಜಿ ಮೇಡಂ ಬಂದು, "ಲಾಂಗ್ ಲೀಡ್ ಟೂ ಎಲ್ಲಿ?" ಅಂದರು. ಚೀಟಿ ತೋರಿಸೋಣ ಅಂತಿದ್ದೆ. ಸಿಸ್ಟರ್ ಟ್ರೇಯಿಂದ ಒಂದು ಸುರುಳಿ ತೆಗೆದುಕೊಟ್ಟರು. ಇಂಜೆಕ್ಷನ್‌ಗೆ ಮೊದಲೇ ಅವರು ಸುಮ್ನೆ ಎಳೆದಿಟ್ಟಿದ್ದರು. ನಾನು ಬಿಚ್ಚಿಯೇ ಇರಲಿಲ್ಲ.

ಮೇಡಂ ಕ್ಯಾಲಿಪರ್ ಕೇಳಲಿಲ್ಲ. ಒಂದು ಬಿಳಿ ಹಾಳೆಯ ಅಂಚನ್ನು ಪಟ್ಟಿಯ ಮೇಲಿಟ್ಟು, ಟಿ ಅಲೆಗಳ ನಡುವೆ ಸ್ಪಷ್ಟವಾಗಿದ್ದ, ಮೇಲಿನ ಕೋಣೆಯ ಗುರುತಾದ ಎರಡು ಪಿ ಅಲೆಗಳಿಗೆ ಪೆನ್ನಿನಿಂದ ಗುರುತು ಹಾಕಿದರು. ನಡುವೆ 34 ಸಣ್ಣ ಚೌಕ. ಅದರ ಅರ್ಧ 17, ಅಲ್ಲೊಂದು ಪಿ ಕ್ಯೂಆರ್‌ಎಸ್ ಒಳಗೆ ಅಡಗಿರಬೇಕು. 17ರ ಅಳತೆಯಲ್ಲಿ ಹಾಳೆ ಸರಿಸುತ್ತಾ ಹೋದರೆ, ಪ್ರತಿ ಗುರುತಿನ ಹತ್ತಿರ ಒಂದು ಉಬ್ಬು, ಇಲ್ಲವೇ ಟಿಯಲ್ಲೊಂದು ಸೊಟ್ಟ. ಮೇಲಿನ ಕೋಣೆ 88ರಲ್ಲಿ ತನ್ನ ಪಾಡಿಗೆ ಬಡಿಯುತ್ತಿತ್ತು, ಕೆಳಗಿನದು 160ರಲ್ಲಿ. ಒಂದಕ್ಕೊಂದು ಸಂಬಂಧವೇ ಇಲ್ಲ, ಅಂದರೆ ವಿಟಿ. ಪಟ್ಟಿಯ ಕೊನೆಯಲ್ಲಿ ಒಂದು ಬೀಟ್ ಮಾತ್ರ ಸ್ವಲ್ಪ ಬೇಗ ಬಂದು ಕಿರಿದಾಗಿತ್ತು. ಮೇಲಿನ ಕರೆಂಟ್ ಒಂದು ಸಲ ನುಸುಳಿ ಕೆಳಗಿಳಿದು ಹೃದಯವನ್ನು ಹಿಡಿದುಕೊಂಡ ಕ್ಯಾಪ್ಚರ್ ಬೀಟ್ ಅದು. ನಿಜವಾಗಿ ಬಂಡಲ್ ಬ್ಲಾಕ್ ಆಗಿದ್ದರೆ ಇನ್ನೂ ಬೇಗ ಬಂದ ಬೀಟ್ ಕಿರಿದಾಗೋದು ಹೇಗೆ?

ಆಮೇಲೆ ಹನ್ನೆರಡು ಲೀಡ್ ಮತ್ತೆ ನೋಡಿದೆ. ವಿ1ರಲ್ಲಿ ಎರಡು ಕಿವಿ, ಮೊದಲನೆಯದೇ ಎತ್ತರ. ರೈಟ್ ಬಂಡಲ್ ಬ್ಲಾಕ್‌ನಲ್ಲಿ ಸಾಮಾನ್ಯವಾಗಿ ಎರಡನೆಯದು ಎತ್ತರ ಇರುತ್ತದೆ. ಬಲ ಭುಜದ ಕಡೆಯಿಂದ ನೋಡುವ ಎವಿಆರ್ ಲೀಡ್‌ನಲ್ಲಿ ಶುರುವಿನಲ್ಲೇ ಎದ್ದು ನಿಂತ ಆರ್ ಅಲೆ. ಮೇಲಿನಿಂದ ಇಳಿದ ಕರೆಂಟ್ ಬಲ ಭುಜದಿಂದ ದೂರ ಹೋಗುತ್ತದೆ, ಹಾಗಾಗಿ ಎವಿಆರ್ ಕೆಳಮುಖ ಇರಬೇಕು. ಇಲ್ಲಿ ಅದು ಹೃದಯದ ತುದಿಯಿಂದ ಮೇಲಕ್ಕೆ ಬರುತ್ತಿತ್ತು. ಎವಿಆರ್ ನೋಡೋಕೆ ಐದು ಸೆಕೆಂಡ್ ಸಾಕಿತ್ತು.

ಉಲ್ಟಾ ಮಾತ್ರ ಓದಬೇಡಿ. ಎವಿಆರ್‌ನಲ್ಲಿ ಆರ್ ಇಲ್ಲ, ಪಿ ಕಾಣಲಿಲ್ಲ ಅಂದರೆ ಎಸ್‌ವಿಟಿ ಅಂತಲ್ಲ. ಎಷ್ಟೋ ವಿಟಿಗಳಲ್ಲಿ ರೇಟ್ ಜಾಸ್ತಿ ಇದ್ದು ಪಿ ಮುಚ್ಚಿಹೋಗುತ್ತವೆ. ಕೆಲವದರಲ್ಲಿ ಕರೆಂಟ್ ಹಿಂದಕ್ಕೆ ಏರಿ ಪಿಯನ್ನೂ ತಾನೇ ಹುಟ್ಟಿಸುತ್ತದೆ. ಬ್ಲಾಕ್ ಮೊದಲೇ ಇತ್ತು ಅನ್ನಬೇಕಾದರೆ ಹಳೇ ಇಸಿಜಿಯಲ್ಲಿ ಅದೇ ಆಕಾರ ಕಾಣಬೇಕು. ಇವರ ಹಳೇ ಇಸಿಜಿ ಮಗನ ಕೈಯ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಅದರಲ್ಲಿ ಕ್ಯೂಆರ್‌ಎಸ್ ಕಿರಿದಾಗಿತ್ತು.

ಗೊಂದಲ ಇದ್ದರೆ ವಿಟಿ ಅಂತಲೇ ನಡೆಯಬೇಕಿತ್ತು. ಬಿಪಿ ಇರುವಾಗ ಅಮಿಯೋಡರೋನ್ 150 ಮಿಲಿಗ್ರಾಂ ಹತ್ತು ನಿಮಿಷದಲ್ಲಿ, ಇಲ್ಲವೇ ನಿದ್ದೆ ಬರಿಸಿ ಸಿಂಕ್ ಶಾಕ್. ಎಸ್‌ವಿಟಿಗೆ ಶಾಕ್ ಕೊಟ್ಟರೂ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ವಿಟಿಗೆ ವೆರಪಾಮಿಲ್ ಕೊಟ್ಟರೆ ಏನಾಗುತ್ತೆ ಅಂತ ನೋಡಿದ್ದಾಯಿತು.

ಚೀಟಿ ಇನ್ನೂ ಅಲ್ಲೇ ಇದೆ. ರೋಲ್ ಲೆಕ್ಕ ಕೇಳಿದರೆ ನನ್ನ ಹೆಸರು ಬರೆಸಿ ಅಂತ ಸಿಸ್ಟರ್‌ಗೆ ಹೇಳಿದ್ದೇನೆ.