ಎಲ್ರಿಗೂ ಕಾಣ್ತಿರೋದನ್ನ ಹೇಳಿದ್ರೆ ಹೊಸದೇನು ಬಂತು?

"ಅಲ್ಲಮ್ಮಾ, ಎಲ್ರಿಗೂ ಕಾಣ್ತಿರೋದನ್ನೇ ಒಬ್ಬ ಬಂದು ಹೇಳಿದ್ರೆ ಹೊಸದೇನು ಬಂತು?" ಭಾನುವಾರ ಊಟ ಆದ್ಮೇಲೆ ಭಾವ ಕೇಳಿದ್ದು ಇದು, ವಾರ ಪೂರ್ತಿ ನನ್ನ ತಲೇಲಿ ಇದೇ ಓಡ್ತಿದೆ.

ಪುಟ್ಟಿ (ಅಕ್ಕನ ಮಗಳು, ಸೆಕೆಂಡ್ ಪಿಯುಸಿ) ಎಲ್ಲಿಂದಲೋ ನೀಲಿ ಕಣ್ಣಿನ ದ್ವೀಪದ ಒಗಟು ಹಿಡ್ಕೊಂಡು ಬಂದಿದ್ಲು. ಒಂದು ದ್ವೀಪ, ನೂರು ಜನಕ್ಕೆ ನೀಲಿ ಕಣ್ಣು, ಉಳಿದವರಿಗೆ ಕಂದು. ಕನ್ನಡಿ ಇಲ್ಲ, ಕಣ್ಣಿನ ಬಣ್ಣದ ಬಗ್ಗೆ ಯಾರೂ ಮಾತಾಡೋ ಹಾಗಿಲ್ಲ, ತನ್ನ ಕಣ್ಣಿನ ಬಣ್ಣ ಖಚಿತವಾಗಿ ಗೊತ್ತಾದವನು ಅವತ್ತು ರಾತ್ರಿನೇ ದೋಣಿ ಹತ್ತಿ ಹೋಗಬೇಕು. ಎಲ್ರೂ ತರ್ಕದಲ್ಲಿ ಪಕ್ಕಾ, ಮತ್ತು ಎಲ್ರೂ ಪಕ್ಕಾ ಅನ್ನೋದು ಎಲ್ರಿಗೂ ಗೊತ್ತು. ಒಂದು ಸಂಜೆ ಹೊರಗಿನವನೊಬ್ಬ ಬಂದು ಎಲ್ರ ಮುಂದೆ "ಇಲ್ಲಿ ನೀಲಿ ಕಣ್ಣಿನವರು ಒಬ್ಬರಾದ್ರೂ ಇದ್ದಾರೆ" ಅಂತಾನೆ. ನೂರನೇ ರಾತ್ರಿ ನೂರೂ ಜನ ಒಟ್ಟಿಗೆ ಹೊರಟುಹೋಗ್ತಾರೆ.

ಭಾವನ ತಕರಾರು ಸರಿಯಾದದ್ದೇ. ಪ್ರತಿಯೊಬ್ಬನಿಗೂ ಕಣ್ಣೆದುರಿಗೆ ಕನಿಷ್ಠ ತೊಂಬತ್ತೊಂಬತ್ತು ನೀಲಿ ಕಣ್ಣಿನವರು ಓಡಾಡ್ತಿದ್ದಾರೆ, ಆ ಪುಣ್ಯಾತ್ಮ ಹೇಳಿದ್ದು ಯಾರಿಗೆ ಗೊತ್ತಿರ್ಲಿಲ್ಲ? ಭಾವ ಲೆಕ್ಕಪತ್ರದ ಕೆಲಸ ಮಾಡಿದವರು, ಬಾಯಿ ಮಾತಿಗೆಲ್ಲ ಒಪ್ಪೋರಲ್ಲ, ಮಗಳು ಹೇಳಿದ್ಲು ಅಂತ ತಲೆ ಆಡಿಸೋ ಅಪ್ಪಂದಿರಿಗಿಂತ ಇಂಥವರೇ ನನಗೆ ಇಷ್ಟ. ಪುಟ್ಟಿನೂ ವಾದ ಮಾಡ್ಲಿಲ್ಲ, ಎದ್ದು ಹೋಗಿ ಅಕ್ಕನ ಬಿಂದಿ ಪ್ಯಾಕೆಟ್ ತಂದ್ಲು.

ಪುಟ್ಟಿ, ಭಾವ, ನಾನು ಮೂವರೂ ಕಣ್ಣು ಮುಚ್ಚಿ ಕೂತ್ವಿ, ಅಕ್ಕ ಒಬ್ಬೊಬ್ಬರ ಹಣೆಗೂ ನೀಲಿ ಅಥವಾ ಮರೂನ್ ಬಿಂದಿ ಅಂಟಿಸಿದ್ಲು. ಕಣ್ಣು ಬಿಟ್ಟಾಗ ಭಾವನ ಅಗಲ ಹಣೆ ಮಧ್ಯ ನೀಲಿ, ಪುಟ್ಟಿದೂ ನೀಲಿ, ನಂದು ಮಾತ್ರ ನನಗೆ ಗೊತ್ತಿಲ್ಲ. ಅಕ್ಕ "ಒಬ್ಬರ ಹಣೇಲಾದ್ರೂ ನೀಲಿ ಇದೆ" ಅಂತ ಗಟ್ಟಿಯಾಗಿ ಹೇಳಿದ್ಲು. ಒಂದೊಂದು ಚಪ್ಪಾಳೆ ಒಂದೊಂದು ರಾತ್ರಿ ಇದ್ದ ಹಾಗೆ, ತನ್ನ ಬಣ್ಣ ಗೊತ್ತಾದವರು ಚಪ್ಪಾಳೆಗೆ ಸರಿಯಾಗಿ ಎದ್ದು ನಿಲ್ಲಬೇಕು.

ಮೊದಲನೇ ಚಪ್ಪಾಳೆ, ಯಾರೂ ಏಳ್ಲಿಲ್ಲ. ಅಂದ್ರೆ ಎದುರಿಗೆ ನೀಲಿನೇ ಕಾಣದವರು ಯಾರೂ ಇಲ್ಲ, ನೀಲಿ ಕನಿಷ್ಠ ಎರಡು ಇವೆ ಅಂತ ಈಗ ಎಲ್ರ ಮುಂದೆ ಬಹಿರಂಗ ಆಯ್ತು. ಎರಡನೇ ಚಪ್ಪಾಳೆಗೂ ಯಾರೂ ಏಳ್ಲಿಲ್ಲ. ನಂದು ಮರೂನ್ ಆಗಿದ್ರೆ ಭಾವನಿಗೆ ಪುಟ್ಟಿ ಒಬ್ಬಳದೇ ನೀಲಿ ಕಾಣ್ತಿತ್ತು, ಎರಡು ಇವೆ ಅಂತ ಗೊತ್ತಾದ ಮೇಲೆ ಇನ್ನೊಂದು ತನ್ನದೇ ಅಂತ ಅವರು ಎದ್ದಿರಬೇಕಿತ್ತು, ಪುಟ್ಟಿನೂ ಹಾಗೇ. ಏಳ್ಲಿಲ್ಲ ಅಂದ್ಮೇಲೆ ನಂದೂ ನೀಲಿ. ಮೂರನೇ ಚಪ್ಪಾಳೆಗೆ ಮೂವರೂ ಒಟ್ಟಿಗೆ ಎದ್ದ್ವಿ, ಭಾವನೂ ಎದ್ರು, ಯಾರೂ ಹೇಳಿಕೊಟ್ಟಿರ್ಲಿಲ್ಲ! ಇದನ್ನೇ ಹಂತ ಹಂತವಾಗಿ ಮೇಲಕ್ಕೆ ತಗೊಂಡು ಹೋದ್ರೆ ಇಂಡಕ್ಷನ್, ನಾಲ್ಕು ಜನಕ್ಕೆ ನಾಲ್ಕನೇ ರಾತ್ರಿ, ನೂರು ಜನಕ್ಕೆ ನೂರನೇ ರಾತ್ರಿ.

ಎದ್ದು ನಿಂತ್ಕೊಂಡೇ ಭಾವ ಮತ್ತೆ ಅದೇ ಪ್ರಶ್ನೆ. "ಇದೆಲ್ಲ ಸರಿ, ಆದ್ರೆ ನಿಮ್ಮಮ್ಮ ಹೇಳೋಕೆ ಮುಂಚೆನೇ ನನಗೆ ಎರಡು ನೀಲಿ ಕಾಣ್ತಿತ್ತಲ್ಲ, ಹೊಸದೇನು ಬಂತು?"

ಆಗ ಪುಟ್ಟಿ ಮತ್ತೆ ಕಣ್ಣು ಮುಚ್ಚಿಸಿದ್ಲು, ಅಕ್ಕ ಬಿಂದಿ ಬದಲಾಯಿಸಿದ್ಲು, ಈ ಸಲ ಘೋಷಣೆ ಇಲ್ಲ. ನನಗೆ ಮತ್ತೆ ಎರಡು ನೀಲಿ ಕಾಣ್ತಿದೆ. ಚಪ್ಪಾಳೆ ಮೇಲೆ ಚಪ್ಪಾಳೆ, ಎಷ್ಟು ಹೊಡೆದ್ರೂ ಯಾರಿಗೂ ಏಳೋಕೆ ಕಾರಣನೇ ಸಿಗ್ಲಿಲ್ಲ, ಯಾಕಂದ್ರೆ ಮೊದಲನೇ ಚಪ್ಪಾಳೆಗೆ ಏಳದೇ ಇದ್ದದ್ದಕ್ಕೆ ಅರ್ಥನೇ ಇಲ್ಲ. ಆಮೇಲೆ ಇನ್ನೊಂದು ಆಟ, ಅಕ್ಕ ಅದೇ ಮಾತನ್ನ ಒಬ್ಬೊಬ್ಬರ ಕಿವೀಲಿ ಬೇರೆ ಬೇರೆಯಾಗಿ ಪಿಸುಗುಟ್ಟಿದ್ಲು, ಬೇರೆಯವರಿಗೆ ಏನು ಹೇಳಿದ್ಲು ಅಂತ ಯಾರಿಗೂ ಗೊತ್ತಿಲ್ಲ. ಆಗ್ಲೂ ಯಾರೂ ಏಳೋಕಾಗ್ಲಿಲ್ಲ. ಮೂವರಿಗೂ ಮಾತು ತಲುಪಿದೆ, ಆದ್ರೂ ಒಂದಿಂಚು ಮುಂದಕ್ಕೆ ಹೋಗ್ಲಿಲ್ಲ!

ಇಲ್ಲೇ ಇರೋದು ಗುಟ್ಟು. ನನಗೆ ಎರಡು ನೀಲಿ ಕಾಣ್ತಿದೆ, ಸರಿ. ಆದ್ರೆ ನಂದು ಮರೂನ್ ಇರಬಹುದು ಅಂತ ನಾನು ಯೋಚಿಸ್ತೀನಿ, ಹಾಗಿದ್ರೆ ಭಾವನಿಗೆ ಕಾಣೋದು ಪುಟ್ಟಿಯ ಒಂದೇ ನೀಲಿ. ಆ ಭಾವ, ಅಂದ್ರೆ ನನ್ನ ತಲೆಯೊಳಗಿನ ಭಾವ, ತಂದೂ ಮರೂನ್ ಇರಬಹುದು ಅಂದ್ಕೋತಾರೆ. ಹಾಗಿದ್ರೆ ಅವರ ತಲೆಯೊಳಗಿನ ಪುಟ್ಟಿಗೆ ಎದುರಿಗೆ ನೀಲಿನೇ ಇಲ್ಲ. ನಿಜವಾದ ಪುಟ್ಟಿಗೆ ಎರಡು ಕಾಣ್ತಿದೆ, ಆದ್ರೆ ತಲೆಯೊಳಗಿನ ತಲೇಲಿ ಕೂತಿರೋ ಪುಟ್ಟಿಗೆ ನೀಲಿ ಅನ್ನೋದು ಇದೆಯೋ ಇಲ್ವೋ ಗೊತ್ತೇ ಇಲ್ಲ. ಮೂರು ಜನ ಇದ್ರೆ "ಎಲ್ರಿಗೂ ಗೊತ್ತು ಅಂತ ಎಲ್ರಿಗೂ ಗೊತ್ತು" ಅಲ್ಲಿವರೆಗೆ ನಿಜ, ಅದರಾಚೆ ಇನ್ನೊಂದು "ಎಲ್ರಿಗೂ ಗೊತ್ತು" ಸೇರಿಸಿದ ಕೂಡ್ಲೇ ಮುರಿದುಬೀಳತ್ತೆ. ನೂರು ಜನ ಇದ್ರೆ ಮುರಿಯೋದು ನೂರನೇ ಮೆಟ್ಟಿಲಲ್ಲಿ. ಎಲ್ರ ಮುಂದೆ, ಎಲ್ರೂ ಕೇಳಿಸ್ಕೊಂಡಿದ್ದು ಎಲ್ರಿಗೂ ಕಾಣೋ ಹಾಗೆ ಹೇಳಿದ ಮಾತು ಮಾತ್ರ ಎಷ್ಟು ಆಳಕ್ಕೆ ಇಳಿದ್ರೂ ಮುರಿಯಲ್ಲ. ಕಾಮನ್ ನಾಲೆಡ್ಜ್ ಅನ್ನೋದು ಇದಕ್ಕೆ.

ಇದು ಹೊಸ ಆಟವೇನಲ್ಲ. ಇಂಗ್ಲೆಂಡಿನ ಗಣಿತಜ್ಞ ಲಿಟಲ್‌ವುಡ್ 1953ರ ಪುಸ್ತಕದಲ್ಲೇ ರೈಲು ಡಬ್ಬೀಲಿ ಮುಖ ಕೊಳೆಯಾದ ಮೂವರು ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಗೋ ರೂಪದಲ್ಲಿ ಇದನ್ನ ಬರೆದಿದ್ರು. ಕಾಮನ್ ನಾಲೆಡ್ಜಿಗೆ ಗಣಿತದ ವ್ಯಾಖ್ಯೆ ಕೊಟ್ಟಿದ್ದು ಅರ್ಥಶಾಸ್ತ್ರದ ರಾಬರ್ಟ್ ಔಮನ್, 1976ರಲ್ಲಿ.

ಬಿಂದಿ ಆಟದಿಂದ ನನಗೆ ನಮ್ಮ ದೊಡ್ಡಪ್ಪನ ಸ್ಕೂಟರ್ ನೆನಪಾಯ್ತು. ಅವರಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣಲ್ಲ ಅಂತ ದೊಡ್ಡಮ್ಮ ಮಕ್ಕಳಿಗೆಲ್ಲ ಬೇರೆ ಬೇರೆಯಾಗಿ ಫೋನ್ ಮಾಡಿ ಹೇಳಿದ್ರು, "ನಿಂಗೆ ಮಾತ್ರ ಹೇಳ್ತಿದೀನಿ" ಅಂತ. ಎಲ್ರಿಗೂ ಗೊತ್ತಿತ್ತು, ಉಳಿದವರಿಗೆ ಗೊತ್ತಿದೆಯೋ ಇಲ್ವೋ ಅನ್ನೋದು ಯಾರಿಗೂ ಗೊತ್ತಿರ್ಲಿಲ್ಲ, ಹಾಗಾಗಿ ಯಾರೂ ಬಾಯಿ ಬಿಡ್ಲಿಲ್ಲ. ಹಬ್ಬಕ್ಕೆ ಎಲ್ರೂ ಸೇರಿದ್ದಾಗ ಚಿಕ್ಕ ಸೊಸೆ ಪಂಕ್ತೀಲೇ "ಮಾವ, ರಾತ್ರಿ ಹೊತ್ತು ಗಾಡಿ ಬೇಡ" ಅಂದ್ಬಿಟ್ಲು. ಎಲ್ರ ಮುಂದೆ ಹಾಗಾ ಹೇಳೋದು ಅಂತ ಅವಳನ್ನ ಬೈದವರೇ ಹೆಚ್ಚು, ಆದ್ರೆ ಎಲ್ರ ಮುಂದೆ ಹೇಳಿದ್ದಕ್ಕೇ ಕೆಲಸ ಆಯ್ತು, ಊಟ ಮುಗಿಯೋಷ್ಟರಲ್ಲಿ ಕೀಲಿ ಮಗನ ಕೈಲಿತ್ತು. ಆ ಹುಡುಗಿ ಮೇಲೆ ನನಗೆ ಅವತ್ತಿಂದ ಗೌರವ ಜಾಸ್ತಿ.

ಮನುಷ್ಯರಲ್ಲಿ ನೂರು ಮೆಟ್ಟಿಲು ನಡೆಯಲ್ಲ ಅನ್ನೋದೂ ನಿಜ. ಭಾವ ಎರಡನೇ ಚಪ್ಪಾಳೆಗೆ ಕೂತೇ ಇದ್ದಾಗ, ಅವರು ಗೊತ್ತಾಗ್ಲಿಲ್ಲ ಅಂತ ಕೂತಿದ್ದಾರಾ ಅಥವಾ ಇನ್ನೂ ಯೋಚಿಸ್ತಾ ಕೂತಿದ್ದಾರಾ ಅಂತ ನನಗೆ ಸಂಶಯ ಬಂದಿದ್ರೆ ನಾನು ಮೂರನೇದಕ್ಕೆ ಏಳೋಕಾಗ್ತಿರ್ಲಿಲ್ಲ. ದ್ವೀಪದಲ್ಲೂ ಅಷ್ಟೇ, ಘೋಷಣೆ ಹೊತ್ತಿಗೆ ಒಬ್ಬ ಎಲ್ಲೋ ಹೋಗಿದ್ದ ಅನ್ನೋ ಅನುಮಾನ ಬಂದ್ರೂ ಸಾಕು, ನೂರನೇ ರಾತ್ರಿ ಲೆಕ್ಕ ನಿಲ್ಲಲ್ಲ.

ಭಾವನ ಕೊನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ಹಾಗಾದ್ರೆ ಆ ಮನುಷ್ಯ ತಾನು ಹೇಳಿದ್ದನ್ನ ವಾಪಸ್ ತಗೋಬಹುದಾ?" ಪುಟ್ಟಿ ಸುಮಾರು ಹೊತ್ತು ಪೇಪರಲ್ಲಿ ಗೀಚಿದ್ಲು. ಸುಳ್ಳು ಹೇಳಿದೆ ಅಂದ್ರೆ ಯಾರೂ ನಂಬಲ್ಲ, ಕಣ್ಣೆದುರಿಗೇ ಇದೆಯಲ್ಲ. ಅವಳಿಗೆ ಸಿಕ್ಕ ದಾರಿ ಒಂದೇ, ಮೊದಲನೇ ದೋಣಿ ಹೊರಡೋ ಮುಂಚೆ ಎಲ್ರನ್ನೂ ಮತ್ತೆ ಸೇರಿಸಿ ಒಬ್ಬನ ಕಡೆ ಬೆರಳು ಮಾಡಿ "ನಾನು ಹೇಳಿದ್ದು ಇವನನ್ನ" ಅನ್ನೋದು. ಅವನೊಬ್ಬ ಆ ರಾತ್ರಿ ಹೋಗ್ತಾನೆ, ಉಳಿದವರ ಬಗ್ಗೆ ಯಾವ ಮಾತೂ ಬಹಿರಂಗವಾಗಿ ಉಳಿಯಲ್ಲ, ತೊಂಬತ್ತೊಂಬತ್ತು ಜನ ಇದ್ದ ಹಾಗೇ ಇರ್ತಾರೆ. "ಒಂದೇ ಒಂದು ದಿನ ತಡ ಆಯ್ತು ಅಂದ್ಕೋ ಅಪ್ಪಾ" ಅಂದ್ಲು, "ಅಷ್ಟೊತ್ತಿಗೆ ಕನಿಷ್ಠ ಇಬ್ಬರಿದ್ದಾರೆ ಅಂತ ಎಲ್ರಿಗೂ ಬಹಿರಂಗ ಆಗಿರತ್ತೆ, ಅವನನ್ನ ಕಳೆದ್ರೂ ಒಬ್ಬ ಉಳೀತಾನೆ, ಉಳಿದ ತೊಂಬತ್ತೊಂಬತ್ತು ಜನನೂ ನೂರನೇ ರಾತ್ರಿನೇ ಹೋಗ್ತಾರೆ."