ಗಜನಿಯೊಳಗೆ ನುಗ್ಗಿದ ಆನೆ

ನಾನು ಹುಟ್ಟಿದ್ದು ಕುಮಟಾ ತಾಲೂಕಿನ ಹೊಳೆದಂಡೆಯ ಊರಲ್ಲಿ. ಪಾಠ ಹೇಳುವುದು ಶಿರಸಿ ಪೇಟೆಯಿಂದ ಹತ್ತು ಕಿಲೋಮೀಟರ್ ಆಚೆಯ ಶಾಲೆಯಲ್ಲಿ, ಆರನೇ ತರಗತಿಗೆ ಕನ್ನಡ. ಅಘನಾಶಿನಿ ಹೊಳೆಯೇ ನನಗೂ ಈ ಊರಿನ ಮಕ್ಕಳಿಗೂ ನಡುವಿನ ನೆಂಟಸ್ತಿಕೆ: ಹೊಳೆ ಹುಟ್ಟುವುದು ಇವರ ಶಿರಸಿಯಲ್ಲಿ, ಸಮುದ್ರ ಸೇರುವುದು ನಮ್ಮ ತದಡಿಯ ಹತ್ತಿರ. ಹಾಗಾಗಿ ಹೋದ ನವೆಂಬರಿನಲ್ಲಿ ‘ಗದ್ಯಭಾಗ ಓದಿ ಉತ್ತರಿಸಿ’ ಹಾಳೆಯನ್ನು ನಾನೇ ಬರೆಯಲು ಕೂತಾಗ ಊರಿನ ಗಜನಿಯ ಕಥೆ ತಾನಾಗಿ ಬಂತು. ಕೊನೆಯ ಪ್ರಶ್ನೆ: ‘ಗಜನಿ ಎಂದರೆ ಏನಿರಬಹುದು? ಸಂದರ್ಭದಿಂದ ಊಹಿಸಿ ಬರೆಯಿರಿ.’

ನಾನು ಬರೆದದ್ದು ಇಷ್ಟು:

‘ಮಳೆಗಾಲಕ್ಕೆ ಮೊದಲು ಊರವರೆಲ್ಲ ಸೇರಿ ಗಜನಿಯ ಕಟ್ಟು ಸರಿಮಾಡಿದ್ದರು. ಮಹಾಲಯ ಅಮಾವಾಸ್ಯೆಯ ರಾತ್ರಿ ಭರತ ಜೋರಾಗಿ ಏರಿತು. ಕಟ್ಟು ಕಿತ್ತುಹೋಯಿತು. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. ಆ ವರ್ಷ ದೇವಮ್ಮನ ಮನೆಯವರು ಪೇಟೆಯಿಂದ ಅಕ್ಕಿ ತಂದು ಉಂಡರು. ಸಿಗಡಿ ಹಿಡಿಯುವವರು ಮಾತ್ರ ಆ ಸಲ ಬೇಗನೆ ಗಜನಿಗೆ ಇಳಿದರು.’

ಬರೆದು ಮುಗಿಸಿ ನನಗೇ ಖುಷಿಯಾಯಿತು. ಕಟ್ಟು ಇದೆ, ನೀರಿದೆ, ಅಕ್ಕಿ ಇದೆ, ಸಿಗಡಿ ಇದೆ. ಇಷ್ಟು ಸುಳಿವು ಕೊಟ್ಟ ಮೇಲೂ ಗೊತ್ತಾಗದಿದ್ದರೆ ಹೇಗೆ ಅಂದುಕೊಂಡೆ.

ಇಪ್ಪತ್ತಾರು ಹಾಳೆ ಬಂದವು. ‘ಕೆರೆ’ ಅಂತ ಕೆಲವರು, ‘ಅಣೆಕಟ್ಟು’ ಅಂತ ಕೆಲವರು. ಸಮಾಜ ಪಾಠ ಚೆನ್ನಾಗಿ ಓದುವ ಹುಡುಗನೊಬ್ಬ ‘ಮಹಮದ್ ಗಜನಿ ದಂಡೆತ್ತಿ ಬಂದ ಊರು’ ಅಂತ ಬರೆದಿದ್ದ. ‘ಗದ್ದೆ’ ಎಂದವರು ಇಬ್ಬರೇ. ಅದರಲ್ಲೂ ಒಬ್ಬಳ ಅತ್ತೆಮನೆ ಕುಮಟಾದ ಹತ್ತಿರ, ಅವಳು ಊಹಿಸಿದ್ದಲ್ಲ, ಕಂಡದ್ದು. ಒಂಬತ್ತು ಮಕ್ಕಳು ಬರೆದದ್ದು ‘ಆನೆ’. ‘ಆನೆ ಕಟ್ಟುವ ಜಾಗ’, ‘ಆನೆಗಳ ಗುಂಪು’, ‘ಹೆಣ್ಣಾನೆ’.

ಮೊದಲು ನಕ್ಕೆ. ಅದು ತಪ್ಪಾಯಿತು ಅಂತ ಮರುದಿನ ಗೊತ್ತಾಯಿತು.

ಎರಡನೇ ಬೆಂಚಿನ ಹುಡುಗಿ, ಮಾತಿಗೆ ಸೋಲದವಳು, ಎದ್ದುನಿಂತು ಕೇಳಿದಳು: “ಅಕ್ಕೋರೇ, ಯಾಕೆ ತಪ್ಪು? ಗಜ ಅಂದ್ರೆ ಆನೆ ಅಲ್ವ?”

“ಸರಿ, ಉಳಿದ ಸಾಲಿಗೆಲ್ಲ ಆನೆ ಹೊಂದ್ತದ? ಓದು ನೋಡೋಣ.”

ಅವಳು ಓದಿದಳು. ಊರವರೆಲ್ಲ ಸೇರಿ ಆನೆಯ ಕಟ್ಟು, ಅಂದರೆ ಕಾಲಿಗೆ ಕಟ್ಟಿದ ಸರಪಳಿ, ಸರಿಮಾಡಿದ್ದರು. ಭರತ ಅನ್ನುವುದು ಆನೆಯ ಹೆಸರು. ಅಮಾವಾಸ್ಯೆಯ ರಾತ್ರಿ ಅದು ಜೋರಾಗಿ ಏರಿ ಬಂತು. ಕಟ್ಟು ಕಿತ್ತುಹೋಯಿತು. ಬೆಳಗಾಗುವುದರೊಳಗೆ ದೇವಮ್ಮನ ಗದ್ದೆಯ ಬತ್ತವೆಲ್ಲ ಮುಗಿಯಿತು, ಅದಕ್ಕೇ ಅವರು ಅಕ್ಕಿ ಕೊಂಡು ಉಂಡರು. “ಮುಂಡಗೋಡ ಬದಿಗೆ ಆನೆ ಬಂದು ಬತ್ತ ತಿಂತದೆ ಅಂತ ಪೇಪರಲ್ಲಿ ಬರ್ತದಲ್ಲ ಅಕ್ಕೋರೇ, ಹಂಗೇ.”

ಭರತ ಅನ್ನುವುದು ಒಬ್ಬ ಹುಡುಗನ ಹೆಸರು ಅಂತ ಹಿಂದಿನ ಬೆಂಚಿನವನು ಕೂಗಿದ. ಅದಕ್ಕೂ ಅವಳಲ್ಲಿ ಉತ್ತರವಿತ್ತು: “ಹುಡುಗ ಆಗಿದ್ರೆ ಏರಿದ ಅಂತಿರ್ಬೇಕಿತ್ತು. ಏರಿತು ಅಂತ ಉಂಟು. ಅದಕ್ಕೇ ಆನೆ.”

ಈ ವಾದಕ್ಕೆ ನಾನು ಪೂರ್ತಿ ಅಂಕ ಕೊಡಬೇಕಿತ್ತು. ಅರ್ಥ ಗೊತ್ತಿಲ್ಲದ ಪದ ಬಂದಾಗ ಮೊದಲು ನೋಡಬೇಕಾದದ್ದನ್ನೇ ಅವಳು ನೋಡಿದ್ದಳು. ನಮ್ಮ ಭಾಷೆಯಲ್ಲಿ ಕ್ರಿಯಾಪದದ ಬಾಲವೇ ಅದು ಮನುಷ್ಯನೋ ಅಲ್ಲವೋ ಅಂತ ಹೇಳಿಬಿಡುತ್ತದೆ, ವಿಭಕ್ತಿ ಅದರ ಕೆಲಸ ಏನೆಂದು ಹೇಳುತ್ತದೆ. ಅವಳ ಓದಿಗೆ ಹೊಂದದೆ ಉಳಿದದ್ದು ಒಂದೇ ಸಾಲು. ಸಿಗಡಿ ಹಿಡಿಯುವವರು ಆನೆಗೆ ಯಾಕೆ ಇಳಿದರು? ಕೇಳಿದೆ.

“ಅದೊಂದು ಗೊತ್ತಾಗ್ಲಿಲ್ಲ ಅಕ್ಕೋರೇ. ಬಿಟ್ಟೆ.”

ಊಹೆ ಕೆಡುವುದು ಈ ‘ಬಿಟ್ಟೆ’ಯಲ್ಲಿ. ಸಂದರ್ಭದಿಂದ ಅರ್ಥ ಊಹಿಸುವ ಕ್ರಮವನ್ನು ಪಾಲ್ ನೇಶನ್ ಎಂಬ ಭಾಷಾಬೋಧನೆಯ ವಿದ್ವಾಂಸರು ಸಹೋದ್ಯೋಗಿಯೊಬ್ಬರ ಜೊತೆ 1980ರಲ್ಲೇ ಬರೆದಿಟ್ಟಿದ್ದಾರೆ. ಮೊದಲು ಪದದ ವ್ಯಾಕರಣ ನೋಡಬೇಕು. ಆಮೇಲೆ ಅದೇ ವಾಕ್ಯದಲ್ಲಿ ಅಕ್ಕಪಕ್ಕದ ಪದಗಳು, ಆಮೇಲೆ ಹಿಂದುಮುಂದಿನ ವಾಕ್ಯಗಳು, ಆಮೇಲೆ ಊಹೆ. ಕೊನೆಗೆ ಊಹಿಸಿದ್ದನ್ನು ಆ ಪದದ ಜಾಗದಲ್ಲಿ ಇಟ್ಟು ಓದಿ ನೋಡಬೇಕು. ಪದವನ್ನು ಒಡೆದು ನೋಡುವ ಕೆಲಸ ಊಹೆಯ ನಂತರ, ಪರೀಕ್ಷೆ ಮಾಡುವಾಗ ಮಾತ್ರ. ನಾನು ವರ್ಷಗಟ್ಟಲೆ ಇದನ್ನು ತಲೆಕೆಳಗಾಗಿ ಹೇಳಿಕೊಟ್ಟಿದ್ದೆ: ‘ಗೊತ್ತಿಲ್ಲದ ಪದ ಬಂದರೆ ಮೊದಲು ಬಿಡಿಸಿ ನೋಡಿ’ ಅಂತ. ಗಜ ಎಂದು ಒಮ್ಮೆ ಒಡೆದು ಆನೆ ಒಳಗೆ ಬಂದಮೇಲೆ ಉಳಿದ ವಾಕ್ಯಗಳೆಲ್ಲ ಆನೆಗೆ ದಾರಿ ಬಿಡುತ್ತವೆ. ಕಟ್ಟು ಸರಪಳಿಯಾಗುತ್ತದೆ, ಭರತ ಆನೆಯ ಹೆಸರಾಗುತ್ತದೆ. ದಾರಿ ಬಿಡದ ಸಾಲನ್ನು ಮಗು ಸದ್ದಿಲ್ಲದೆ ದಾಟಿಬಿಡುತ್ತದೆ. ಪೂರ್ತಿ ಅಪರಿಚಿತ ಪದಕ್ಕಿಂತ ಪರಿಚಿತನಂತೆ ಮುಖ ತೋರಿಸುವ ಪದ ಹೆಚ್ಚು ಮೋಸ ಮಾಡುವುದು ಇದಕ್ಕೇ. ಪದ ಗೊತ್ತಿಲ್ಲ ಎನ್ನುವುದೇ ಗೊತ್ತಾಗುವುದಿಲ್ಲ.

ಆದರೆ ತಪ್ಪು ಮಕ್ಕಳದ್ದಷ್ಟೇ ಅಂತ ನನಗೆ ಅನಿಸಲಿಲ್ಲ. ಊಟದ ಹೊತ್ತಿಗೆ ಒಂದು ಹಾಳೆಯಲ್ಲಿ ‘ಗಜನಿ’ ಇದ್ದಲ್ಲೆಲ್ಲ ಗೆರೆ ಎಳೆದು, ಜಾಗ ಖಾಲಿ ಬಿಟ್ಟು ಗಣಿತದ ಮಾಸ್ತರರ ಕೈಗೆ ಕೊಟ್ಟೆ. ಅವರು ವಿಜಯಪುರದವರು, ಗಜನಿ ಕಂಡವರಲ್ಲ. ಎರಡು ನಿಮಿಷದಲ್ಲಿ ಎರಡೂ ಕಡೆ ‘ಕೆರೆ’ ಅಂತ ತುಂಬಿಸಿ ವಾಪಸ್ ಕೊಟ್ಟರು. ಕೆರೆಗೆ ಕಟ್ಟು ಇರುತ್ತದೆ, ಕಿತ್ತುಹೋದರೆ ಬೆಳೆ ಹೋಗುತ್ತದೆ, ಕೆರೆಗೆ ಇಳಿಯಲೂಬಹುದು. ಒಂದು ಸಾಲೂ ಅವರನ್ನು ತಡೆದಿರಲಿಲ್ಲ. “ಈ ಭರತ ಯಾರ್ರೀ?” ಅಂತ ಮಾತ್ರ ಕೇಳಿದರು.

ಭರತ ಅಂದರೆ ಸಮುದ್ರದ ಉಬ್ಬರ. ನನಗೆ ಅದು ಪದವೇ ಅಲ್ಲ, ಗಡಿಯಾರ. ಹಾಗಾಗಿ ಗೊತ್ತಿಲ್ಲದ ಪದ ಒಂದೇ ಇದೆ ಅಂದುಕೊಂಡು ಎರಡು ಇಟ್ಟಿದ್ದೆ, ಮೊದಲನೆಯದಕ್ಕೆ ಸುಳಿವಾಗಬೇಕಾದದ್ದೇ ಎರಡನೆಯದು. ‘ಎಲ್ಲ ಮುಗಿದಿತ್ತು’ ಅಂದಾಗ ನನ್ನ ಕಣ್ಣೆದುರು ಉಪ್ಪುನೀರಲ್ಲಿ ಮಲಗಿದ ತೆನೆ ಇತ್ತು, ಹಾಳೆಯಲ್ಲಿ ಉಪ್ಪೂ ಇರಲಿಲ್ಲ, ತೆನೆಯೂ ಇರಲಿಲ್ಲ. ಪದ ಗೊತ್ತಿದ್ದವಳು ಬರೆದ ಸುಳಿವು ಪದ ಗೊತ್ತಿದ್ದವರಿಗೆ ಮಾತ್ರ ಕಾಣುವಂತಿತ್ತು.

ಇಸಾಬೆಲ್ ಬೆಕ್ ಮತ್ತು ಜೊತೆಗಾರರು ಅಮೆರಿಕದಲ್ಲಿ 1983ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಮಕ್ಕಳ ಪಠ್ಯದ ಕಥೆಗಳಲ್ಲಿ ಪದ ಮರೆಮಾಡಿ ದೊಡ್ಡವರ ಕೈಲಿ ತುಂಬಿಸಿದರು. ಸಂದರ್ಭ ಸರಿಯಾಗಿ ಕೈಹಿಡಿದು ಕರೆದೊಯ್ಯುವ ಕಡೆ 100ಕ್ಕೆ 86 ಸಲ ಹೊಂದುವ ಪದ ಬಂತು. ಸಂದರ್ಭವೇ ದಾರಿ ತಪ್ಪಿಸುವ ಕಡೆ 100ಕ್ಕೆ 3. ಅದೂ ಓದು ಬಲ್ಲ ದೊಡ್ಡವರ ಕಥೆ. ನನ್ನ ಹಾಳೆ ಯಾವ ಗುಂಪಿಗೆ ಸೇರಿದ್ದೆಂದು ಮಾಸ್ತರರ ಕೆರೆ ಹೇಳಿಬಿಟ್ಟಿತ್ತು.

ಸಂಜೆ ಆಯಿಗೆ ಫೋನ್ ಮಾಡಿದೆ. “ಅವ್ಕೆ ಗಜನಿ ಗೊತ್ತಿಲ್ವೇ?” ಅಂತ ಆಶ್ಚರ್ಯಪಟ್ಟಳು. ಹಾಗಾದರೆ ನೀನು ಹೇಗೆ ಹೇಳ್ತೀಯ ಅಂದೆ. “ಎಂತ ಹೇಳೂದು? ಮಳೆಗಾಲದಲ್ಲಿ ಕಗ್ಗ ಬೆಳೀತು, ಕೊಯ್ದಾದ್ಮೇಲೆ ಅಲ್ಲೇ ನೀರು ಬಿಟ್ಟು ಶೆಟ್ಲಿ ಹಿಡೀತ್ರು.” ಒಂದೇ ಉಸಿರಲ್ಲಿ ಕೆರೆಯನ್ನೂ ಆನೆಯನ್ನೂ ಹೊರಗೆ ಹಾಕಿದ್ದಳು. ಬೆಳೆ ಬೆಳೆಯುವ ಜಾಗ ಕೆರೆಯಲ್ಲ. ಅದೇ ಜಾಗದಲ್ಲಿ ಸಿಗಡಿ ಸಿಗುವುದಾದರೆ ಅದು ಇವರು ಕಂಡ ಗದ್ದೆಯೂ ಅಲ್ಲ.

ಹಾಳೆ ಮತ್ತೆ ಬರೆದೆ. ಕಗ್ಗ ಎಂಬ ಹೆಸರನ್ನು ಹೊರಗೇ ಇಟ್ಟೆ. ಅದು ಉಪ್ಪು ತಡೆಯುವ ನಮ್ಮ ಬತ್ತ, ಆದರೆ ಘಟ್ಟದ ಮೇಲೆ ಕಗ್ಗ ಅಂದರೆ ಗೋಡೆಗೆ ತೂಗುಹಾಕಿದ ನಾಲ್ಕು ಸಾಲಿನ ಪದ್ಯ, ಇನ್ನೊಂದು ಆನೆ ಬೇಡ. ಭರತದ ಜಾಗಕ್ಕೆ ‘ಸಮುದ್ರದ ಉಬ್ಬರ’ ಬಂತು. ಮೊದಲ ಸಾಲು ಹೀಗಾಯಿತು: ‘ಹೊಳೆಯ ಉಪ್ಪುನೀರು ಒಳಗೆ ಬಾರದಂತೆ ಸುತ್ತ ಮಣ್ಣಿನ ಕಟ್ಟು ಹಾಕಿ, ಮಳೆಗಾಲದಲ್ಲಿ ಗಜನಿಯಲ್ಲಿ ಬತ್ತ ಬಿತ್ತುತ್ತಾರೆ. ಕೊಯ್ಲು ಮುಗಿದ ಮೇಲೆ ಬಾಗಿಲು ತೆರೆದು ನೀರು ಬಿಟ್ಟು ಅಲ್ಲೇ ಸಿಗಡಿ ಹಿಡಿಯುತ್ತಾರೆ.’ ಪ್ರಶ್ನೆಯನ್ನೂ ಬದಲಿಸಿದೆ: ‘ಏನಿರಬಹುದು? ಯಾವ ಸಾಲಿನಿಂದ ಹಾಗೆ ಅನಿಸಿತು? ನಿಮ್ಮ ಊಹೆಗೆ ಹೊಂದದ ಸಾಲು ಇದೆಯೇ?’ ಮೂರನೆಯದಕ್ಕೇ ಹೆಚ್ಚು ಅಂಕ.

ಉತ್ತರ ಆಗಲೇ ಗೊತ್ತಾಗಿದ್ದ ನನ್ನ ತರಗತಿಗೆ ಅದನ್ನು ಕೊಡುವ ಹಾಗಿರಲಿಲ್ಲ, ಏಳನೆಯವರಿಗೆ ಕೊಟ್ಟೆ. ಆನೆ ಒಂದೂ ಬರಲಿಲ್ಲ. ‘ಹೊಳೆ ಪಕ್ಕದ ಗದ್ದೆ’ ಅಂತ ಹೆಚ್ಚಿನವರು ಬರೆದರು. ಅಷ್ಟು ಬಂದರೆ ಸಾಕು ಅಂತ ಅಂಕ ಕೊಟ್ಟೆ. ಸಂದರ್ಭ ಪದದ ಹತ್ತಿರಕ್ಕೆ ಬಿಡುತ್ತದೆ, ಗಜನಿಯ ಕೆಸರಿನ ವಾಸನೆವರೆಗೆ ಕರೆದೊಯ್ಯುವುದಿಲ್ಲ. ಎರಡು ವಾರ ಬಿಟ್ಟು ಬೋರ್ಡಿನ ಮೇಲೆ ಬರೀ ಪದ ಬರೆದು ಕೇಳಿದಾಗ ಅವರಲ್ಲಿ ನಾಲ್ಕೈದು ಜನ ಮರೆತೂ ಬಿಟ್ಟಿದ್ದರು.

ಆನೆಯ ಹುಡುಗಿ ಮಾತ್ರ ಸುಮ್ಮನಾಗಲಿಲ್ಲ. “ನಮ್ಮ ಬದಿಯದ್ದೂ ಒಂದು ಕೊಡ್ತೆ, ಗಣಿತದ ಮಾಸ್ತರಿಗೆ ಕೊಡಿ” ಅಂತ ಚೀಟಿ ತಂದಳು. ‘ನಮ್ಮ ಮನೆಯಲ್ಲಿ ಈ ವರ್ಷದ ಮೊದಲನೇ ಕೊನೆಕೊಯ್ಲು ನಾಳೆ. ಅಪ್ಪ ಆಳಿಗೆ ಹೇಳಿ ಬಂದಿದ್ದಾನೆ. ಮೋಡ ಮುಚ್ಚಿದ್ದರಿಂದ ಅಜ್ಜ ಆಕಾಶ ನೋಡುತ್ತ ಕೂತಿದ್ದಾನೆ.’ ಕೊನೆ ಅಂದರೆ ಇವರಿಗೆ ಅಡಿಕೆಯ ಗೊನೆ.

ಮಾಸ್ತರು ಸ್ಟಾಫ್ ರೂಮಿನಲ್ಲಿ ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಕೊನೆಯ ಕೊಯ್ಲು’ ಅಂತ ಬರೆದರು, ಪೆನ್ನು ಮುಚ್ಚಿದರು. ಮತ್ತೆ ಮೊದಲ ಸಾಲಿಗೆ ಹೋಗಿ ನಿಂತರು.

“ಮದಲನೇದು ಅಂತಾಳ, ಕೊನೀದೂ ಅಂತಾಳ. ಯಾವುದು ಖರೇರಿ ಅಕ್ಕೋರ?”

ಬರೆದದ್ದನ್ನು ಹೊಡೆದುಹಾಕಿ ಅವರು ಚೀಟಿಯನ್ನು ಮತ್ತೆ ಮೇಲಿಂದ ಓದಲು ಶುರುಮಾಡಿದರು.